ಎಲ್ಲದಕ್ಕೂ ನಾಲ್ಕು

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಲು ಒಂದು ವಾರ ಇದ್ದಾಗ ಹೆಚ್‌ಆರ್‌ನಿಂದ ಒಂದು ಫಾರ್ಮ್ ಬಂತು. ಹತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಟ್ರೈನಿಂಗ್ ಹೇಗಿತ್ತು, ಮೆಂಟರ್ ಸಹಾಯ ಮಾಡಿದರಾ, ಕಲಿತದ್ದು ಕೆಲಸಕ್ಕೆ ಬಂತಾ, ಹೀಗೆ. ನಾನು ಎಲ್ಲದಕ್ಕೂ ನಾಲ್ಕು ಒತ್ತಿದೆ. ಐದು ಕೊಟ್ಟರೆ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತದೆ. ಮೂರು ಕೊಟ್ಟರೆ ಯಾರಾದರೂ ಕರೆದು ಏನಾಯ್ತು ಅಂತ ಕೇಳ್ತಾರೆ. ನಾಲ್ಕು ಕೊಟ್ಟರೆ ಯಾರ ಕಣ್ಣಿಗೂ ಬೀಳಲ್ಲ. ಕೊನೆಯಲ್ಲಿ ‘ಬೇರೆ ಸಲಹೆಗಳಿದ್ದರೆ ಬರೆಯಿರಿ’ ಅಂತ ಒಂದು ಖಾಲಿ ಚೌಕ ಇತ್ತು. ಅದರಲ್ಲಿ ‘ಏನೂ ಇಲ್ಲ’ ಎಂದು ಬರೆದು ಕಳಿಸಿದೆ. ಎಲ್ಲಾ ಸೇರಿ ಎರಡು ನಿಮಿಷದ ಕೆಲಸ. ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿರಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ಕೊಡಲು ಹೋದಾಗ ನನ್ನ ಮೆಂಟರ್ ಸಿಕ್ಕರು. ನಮ್ಮ ಟೀಮಿಗೆ ಬಂದಿದ್ದ ಇಂಟರ್ನ್ ನಾನೊಬ್ಬನೇ, ಹಾಗಾಗಿ ಫಾರ್ಮ್‌ನಲ್ಲಿ ಹೆಸರು ಇಲ್ಲದಿದ್ದರೂ ಅದು ಯಾರದು ಅಂತ ಗುಟ್ಟೇನೂ ಇರಲಿಲ್ಲ. “ನಿನ್ನ ಫಾರ್ಮ್ ನೋಡಿದೆ” ಎಂದರು. “ಎಲ್ಲದಕ್ಕೂ ನಾಲ್ಕು ಕೊಟ್ಟಿದ್ದೀಯ. ಇದರಿಂದ ನಾನು ಏನು ತಿಳ್ಕೋಬೇಕು ಹೇಳು?” ನಾನು ಹಲ್ಲು ಕಿರಿದೆ. “ಸರ್, ಚೆನ್ನಾಗೇ ಇತ್ತು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲ ಟಿಕೆಟ್‌ಗೆ ಒಂಬತ್ತು ದಿನ ತಗೊಂಡಿದ್ದೆ, ನೆನಪಿದೆಯಾ? ಚೆನ್ನಾಗಿದ್ದಿದ್ದರೆ ಒಂಬತ್ತು ದಿನ ಯಾಕೆ ಬೇಕಾಯ್ತು? ಸಮಯ ಸಿಕ್ಕಾಗ ಬರೆದು ಕಳಿಸು. ಸರ್ಟಿಫಿಕೇಟ್ ಬಂದ ಮೇಲೇ ಕಳಿಸು, ಪರವಾಗಿಲ್ಲ” ಎಂದು ಹೊರಟುಹೋದರು. ಟಿಕೆಟ್ ಅಂದರೆ ನಮ್ಮಲ್ಲಿ ಒಬ್ಬರಿಗೆ ಒಪ್ಪಿಸಿದ ಒಂದು ಕೆಲಸ.

ಆ ಪತ್ರ ಬರೆಯಲು ನನಗೆ ಮೂರು ವಾರ ಹಿಡಿಯಿತು. ಬರೆಯುವಾಗ ನನಗೇ ಗೊತ್ತಿರದ ಕೆಲವು ವಿಷಯಗಳು ಹೊರಬಂದವು. ಅದನ್ನೇ ಇಲ್ಲಿ ಹೇಳಬೇಕು ಅಂತ.

ಮೊದಲ ಕರಡು

ಮೊದಲ ಕರಡನ್ನು ಒಂದೇ ರಾತ್ರಿ ಬರೆದೆ. ಆರು ತಿಂಗಳು ಬಾಯಿಮುಚ್ಚಿಕೊಂಡು ಇದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಿತ್ತು. ಟ್ರೈನಿಂಗ್‌ನಿಂದ ಏನೂ ಉಪಯೋಗ ಆಗಲಿಲ್ಲ. ಮೆಂಟರ್‌ಗೆ ನಮಗೆ ಕೊಡಲು ಸಮಯ ಇರಲಿಲ್ಲ. ಇಂಟರ್ನ್‌ಗಳ ಬಗ್ಗೆ ಕಂಪನಿಗೆ ಕಾಳಜಿ ಇಲ್ಲ. ಬರೆದು ಮುಗಿಸಿದಾಗ ಹಗುರ ಅನ್ನಿಸಿತು. ಬೆಳಿಗ್ಗೆ ಓದಿದಾಗ ನಾಚಿಕೆಯಾಯಿತು, ಯಾಕೆಂದರೆ ಮೂರೂ ಮಾತು ನಿಜ ಅಂತ ನನಗೇ ಖಾತ್ರಿ ಇರಲಿಲ್ಲ.

ಹಾಗಾಗಿ ಒಂದೊಂದು ವಾಕ್ಯದ ಪಕ್ಕದಲ್ಲೂ ಒಂದು ಪ್ರಶ್ನೆ ಬರೆದುಕೊಂಡೆ: ಇದನ್ನು ಓದಿದವರು ಎದ್ದು ಹೋಗಿ ಏನು ಮಾಡಬೇಕು? ‘ಕಂಪನಿಗೆ ಕಾಳಜಿ ಇಲ್ಲ’ ಎಂದು ಓದಿದವರು ಏನು ಮಾಡಬಹುದು? ಬೇಜಾರು ಮಾಡಿಕೊಳ್ಳಬಹುದು, ಇಲ್ಲವೇ ‘ಈಗಿನ ಹುಡುಗರೇ ಹೀಗೆ’ ಅನ್ನಬಹುದು. ಬೇರೆ ದಾರಿ ಇಲ್ಲ. ಆ ವಾಕ್ಯ ಹೊಡೆದುಹಾಕಿದೆ. ‘ಟ್ರೈನಿಂಗ್‌ನಿಂದ ಉಪಯೋಗ ಆಗಲಿಲ್ಲ’ ಎಂಬುದಕ್ಕೂ ಅದೇ ಗತಿ. ಆದರೆ ಅದರ ಹಿಂದೆ ಏನೋ ಇತ್ತು. ಮೆಂಟರ್ ಹೇಳಿದ ಆ ಒಂಬತ್ತು ದಿನ ಇತ್ತು.

ಒಂಬತ್ತು ದಿನದ ಲೆಕ್ಕ

ನಮ್ಮ ಟ್ರೈನಿಂಗ್ ನಾಲ್ಕು ವಾರ ಇತ್ತು. ಜಾವಾಸ್ಕ್ರಿಪ್ಟ್, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್, ಡೇಟಾಬೇಸ್, ಕೊನೆಯ ವಾರ ಒಂದು ಚಿಕ್ಕ ಪ್ರಾಜೆಕ್ಟ್. ಪಾಠ ಮಾಡಿದವರು ಚೆನ್ನಾಗಿ ಹೇಳಿಕೊಟ್ಟರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೊನೆಯ ಪರೀಕ್ಷೆಯಲ್ಲಿ ನನಗೆ ನೂರಕ್ಕೆ 86 ಬಂತು. ಐದನೇ ವಾರ ಟೀಮಿಗೆ ಹೋದೆ, ಮೊದಲ ಟಿಕೆಟ್ ಸಿಕ್ಕಿತು: ಒಂದು ರಿಪೋರ್ಟ್‌ನಲ್ಲಿ ದಿನಾಂಕ ಒಂದು ದಿನ ಹಿಂದೆ ತೋರಿಸುತ್ತಿದೆ, ಸರಿ ಮಾಡಿ. ಮಾರ್ಚ್ 1 ಎಂದು ತುಂಬಿದರೆ ಫೆಬ್ರುವರಿ 29 ಎಂದು ಬರುತ್ತಿತ್ತು.

ಕೋಡ್ ಬರೆಯುವವರಿಗೆ ಈಗಾಗಲೇ ನಗು ಬಂದಿರಬೇಕು. ಇದು ಎಲ್ಲರೂ ಒಂದಲ್ಲ ಒಂದು ಸಲ ಬೀಳುವ ಗುಂಡಿ. ಹೀಗಿರುತ್ತದೆ:

```
new Date(2024, 2, 1).toISOString()
// "2024-02-29T18:30:00.000Z"
```

ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತಾರೆ, ಹಾಗಾಗಿ 2 ಅಂದರೆ ಮಾರ್ಚ್. ಮೊದಲ ಭಾಗ ನಮ್ಮ ಗಡಿಯಾರದ ಪ್ರಕಾರ ಮಾರ್ಚ್ 1ರ ನಡುರಾತ್ರಿ ಹನ್ನೆರಡು ಗಂಟೆಯನ್ನು ಕೊಡುತ್ತದೆ. ಎರಡನೇ ಭಾಗ ಅದನ್ನು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯಕ್ಕೆ ತಿರುಗಿಸುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಇದ್ದರೆ, ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಆರೂವರೆ. ಅದರಿಂದ ದಿನಾಂಕದ ಭಾಗ ಮಾತ್ರ ಕತ್ತರಿಸಿಕೊಂಡರೆ ಒಂದು ದಿನ ಮಾಯ. ಸರಿಪಡಿಸಲು ಬೇಕಾದದ್ದು ಎರಡು ಸಾಲು. ಹಾಗಾದರೆ ಒಂಬತ್ತು ದಿನ ಎಲ್ಲಿ ಹೋಯಿತು?

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಕಾಲೇಜಿಗೆ ಪ್ರತಿ ವಾರ ವರದಿ ಕೊಡಬೇಕಿದ್ದರಿಂದ ದಿನವೂ ಎರಡು ಸಾಲು ಬರೆದಿಡುತ್ತಿದ್ದೆ. ಸುಮ್ನೆ ಶಾಸ್ತ್ರಕ್ಕೆ ಬರೆದದ್ದು ಈಗ ಉಪಯೋಗಕ್ಕೆ ಬಂತು. ಪುಟ ತಿರುಗಿಸಿ ಲೆಕ್ಕ ಹಾಕಿದೆ. ಮೂರು ದಿನ ಪ್ರಾಜೆಕ್ಟನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದಕ್ಕೇ ಹೋಯಿತು. ಎರಡು ದಿನ ಟೆಸ್ಟ್ ಡೇಟಾಬೇಸ್‌ಗೆ ಆಕ್ಸೆಸ್ ಸಿಗಲಿ ಅಂತ ಕಾದೆ. ಒಂದೂವರೆ ದಿನ ತಪ್ಪು ಎಲ್ಲಿದೆ ಎಂದು ಹುಡುಕಿದೆ. ಅರ್ಧ ದಿನದಲ್ಲಿ ಸರಿ ಮಾಡಿದೆ. ಇನ್ನೆರಡು ದಿನ ಯಾರಾದರೂ ರಿವ್ಯೂ ಮಾಡಲಿ ಎಂದು ಕಾದೆ. ಆಮೇಲೆ ಗೊತ್ತಾಯಿತು, ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ತೆರೆದವನು ರಿವ್ಯೂ ಮಾಡುವವರ ಹೆಸರನ್ನು ತಾನೇ ಸೇರಿಸಬೇಕಿತ್ತು. ನಾನು ಸೇರಿಸಿರಲಿಲ್ಲ. ಅದು ಬಂದಿದೆ ಅಂತ ಯಾರಿಗೂ ಸುದ್ದಿಯೇ ಹೋಗಿರಲಿಲ್ಲ.

ಒಂಬತ್ತರಲ್ಲಿ ಎರಡೇ ದಿನ ನಾನು ‘ಕೆಲಸ’ ಮಾಡಿದ್ದು. ಟ್ರೈನಿಂಗ್‌ನಲ್ಲಿ ಕಲಿಸಿದ್ದೆಲ್ಲ ಕೊನೆಯ ಆ ಅರ್ಧ ದಿನಕ್ಕೆ ಸಂಬಂಧಿಸಿದ್ದು.

ಇದನ್ನು ಕಂಡಾಗ ಸಿಟ್ಟು ಅರ್ಧ ಇಳಿಯಿತು. ಟ್ರೈನಿಂಗ್ ಕೆಟ್ಟದಾಗಿರಲಿಲ್ಲ. ಅದು ಖಾಲಿ ಫೋಲ್ಡರ್‌ನಿಂದ ಶುರುವಾಗುತ್ತಿತ್ತು, ಅಷ್ಟೇ. ನಾಲ್ಕು ವಾರದಲ್ಲಿ ನಾವು ಮಾಡಿದ್ದೆಲ್ಲ ಹೊಸದಾಗಿ ಕಟ್ಟಿದ್ದು. ಆಮೇಲಿನ ಐದು ತಿಂಗಳಲ್ಲಿ ನಾನು ಒಂದು ಸಲವೂ ಖಾಲಿ ಫೋಲ್ಡರ್ ನೋಡಲಿಲ್ಲ. ಬೇರೆ ಯಾರೋ ವರ್ಷಗಟ್ಟಲೆ ಬರೆದ ಕೋಡ್‌ನ ನಡುವೆ ಹೋಗಿ ಒಂದು ಸಾಲು ಹುಡುಕುವುದೇ ಕೆಲಸವಾಗಿತ್ತು. ಅದನ್ನು ಹೇಗೆ ಮಾಡುವುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ತೆರೆಯ ಮೇಲೆ ಕಾಣುವ ಒಂದು ಪದವನ್ನು ಇಡೀ ಪ್ರಾಜೆಕ್ಟ್‌ನಲ್ಲಿ ಹುಡುಕಿ ಅಲ್ಲಿಂದ ಹಿಂದಕ್ಕೆ ಹೋಗಬಹುದು. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸರ್ವರ್‌ಗೆ ಹೋದ ದಿನಾಂಕ ನೋಡಿದರೆ ತಪ್ಪು ಈ ಕಡೆ ಇದೆಯೋ ಆ ಕಡೆ ಇದೆಯೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಇದನ್ನೆಲ್ಲ ನಾನು ಎಡವಿ ಎಡವಿ ಕಲಿತೆ.

ಆ ಮೊದಲ ಮೂರು ದಿನದ ಕಥೆಯನ್ನೂ ಹೇಳಬೇಕು. ಸೆಟಪ್ ಡಾಕ್ಯುಮೆಂಟ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 14ನೇ ಆವೃತ್ತಿ ಹಾಕಿಕೊಳ್ಳಿ ಎಂದಿತ್ತು. ಹಾಕಿಕೊಂಡೆ. ಪ್ರಾಜೆಕ್ಟ್ ಓಡಿಸಿದರೆ ಈ ಸಾಲು ಬಂತು:

```
ReferenceError: fetch is not defined
```

ಕೋಡೇ ತಪ್ಪಿದೆ ಎಂದುಕೊಂಡೆ. ಒಂದು ಲೈಬ್ರರಿ ತಂದು ಸೇರಿಸಿದೆ. ಅದು ಇನ್ನೊಂದನ್ನು ಕೆಡಿಸಿತು. ಎಲ್ಲಾ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿದೆ. ಮೂರನೇ ದಿನ ಮಧ್ಯಾಹ್ನ ಪಕ್ಕದ ಸೀಟಿನವರು ನನ್ನ ತೆರೆ ನೋಡಿ, “ಅಯ್ಯೋ, 14 ಹಾಕಿದ್ದೀರಾ? ನಾವು 18ಕ್ಕೆ ಹೋಗಿ ಎಷ್ಟೋ ದಿನ ಆಯ್ತಲ್ಲ” ಎಂದರು. ಸರ್ವರ್‌ನಿಂದ ಮಾಹಿತಿ ತರುವ `fetch` 18ನೇ ಆವೃತ್ತಿಯಿಂದ ನೋಡ್‌ನಲ್ಲೇ ಇರುತ್ತದೆ, 14ರಲ್ಲಿ ಇರಲಿಲ್ಲ. ಸರಿಯಾದ ಸಂಖ್ಯೆ ಪ್ರಾಜೆಕ್ಟ್‌ನೊಳಗೇ `.nvmrc` ಎಂಬ ಫೈಲ್‌ನಲ್ಲಿ ಇತ್ತು. ಚುಕ್ಕೆಯಿಂದ ಶುರುವಾಗುವ ಫೈಲ್, ಕಣ್ಣಿಗೆ ಕಾಣುತ್ತಿರಲಿಲ್ಲ. ಅಂಥ ಒಂದು ಫೈಲ್ ಇರುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನ ತಪ್ಪೂ ಇದೆ, ಪತ್ರದಲ್ಲೂ ಬರೆದಿದ್ದೇನೆ. ಪಕ್ಕದ ಸೀಟಿನವರನ್ನು ಮೊದಲ ದಿನವೇ ಕೇಳಬಹುದಿತ್ತು. ಕೇಳಲಿಲ್ಲ, ದಡ್ಡ ಅಂದುಕೊಳ್ಳುತ್ತಾರೆ ಅಂತ. ಅದಕ್ಕಿಂತ ಜಾಸ್ತಿ ತಪ್ಪು ಏನೆಂದರೆ, ಗೊತ್ತಾದ ಮೇಲೂ ನಾನು ಆ ಡಾಕ್ಯುಮೆಂಟನ್ನು ಆಗಲೇ ತಿದ್ದಲಿಲ್ಲ. ನನ್ನ ಗಾಡಿ ಓಡಿತಲ್ಲ, ಇನ್ನೇನು! ಆ ಸಾಲು ಅಷ್ಟು ದಿನ ಹಾಗೇ ಉಳಿದದ್ದೂ ಇದರಿಂದಲೇ ಇರಬೇಕು. ಸೆಟಪ್ ಡಾಕ್ಯುಮೆಂಟ್‌ನ ತಪ್ಪು ಕಾಣುವುದು ಹೊಸಬರಿಗೆ ಮಾತ್ರ. ಅವರು ಹೊಸಬರಾಗಿರುವುದು ಒಂದು ವಾರ. ಆಮೇಲೆ ಅವರೂ ಹಳಬರಾಗಿ ಮರೆತುಬಿಡುತ್ತಾರೆ.

ಅಂಕ ಎಲ್ಲಿ ನಿಲ್ಲುತ್ತದೆ

ಪತ್ರ ಬರೆಯುವ ನಡುವೆ ಒಂದು ಪ್ರಶ್ನೆ ಕಾಡಿತು. ಫಾರ್ಮ್‌ನಲ್ಲಿ ಎಲ್ಲರೂ ಒಳ್ಳೆಯ ಅಂಕ ಕೊಟ್ಟಿದ್ದಾರೆ, ಪರೀಕ್ಷೆಯಲ್ಲೂ ಒಳ್ಳೆಯ ಅಂಕ ಬಂದಿದೆ. ಕಂಪನಿ ಕಡೆಯಿಂದ ನೋಡಿದರೆ ಟ್ರೈನಿಂಗ್ ಚೆನ್ನಾಗಿಯೇ ನಡೆದಿದೆ. ಸುಳ್ಳು ಎಲ್ಲಿದೆ?

ಟ್ರೈನಿಂಗ್ ನಡೆಸುವವರೆಲ್ಲ ಕೇಳಿರುವ ಹೆಸರು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್. ಅಮೆರಿಕದ ಈ ಪ್ರೊಫೆಸರ್ 1959ರಲ್ಲಿ ಬರೆಯಲು ಶುರುಮಾಡಿದ ಲೇಖನಗಳಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು. ಮೊದಲನೆಯದು, ಕಲಿತವರಿಗೆ ಅದು ಹಿಡಿಸಿತಾ. ಎರಡನೆಯದು, ನಿಜಕ್ಕೂ ಏನಾದರೂ ಕಲಿತರಾ. ಮೂರನೆಯದು, ಕಲಿತದ್ದನ್ನು ಕೆಲಸದ ಜಾಗದಲ್ಲಿ ಮಾಡುತ್ತಿದ್ದಾರಾ. ನಾಲ್ಕನೆಯದು, ಅದರಿಂದ ಸಂಸ್ಥೆಗೆ ಏನಾದರೂ ಆಯಿತಾ. ಫಾರ್ಮ್ ಅಳೆಯುವುದು ಮೊದಲ ಮೆಟ್ಟಿಲು. ನನಗೆ ಬಂದ 86 ಎರಡನೇ ಮೆಟ್ಟಿಲು. ಒಂಬತ್ತು ದಿನ ಇರುವುದು ಮೂರನೆಯದರಲ್ಲಿ.

ಮೂರನೇ ಮೆಟ್ಟಿಲನ್ನು ನೋಡುವವರೇ ನಮ್ಮಲ್ಲಿ ಇರಲಿಲ್ಲ. ಪಾಠ ಮಾಡಿದವರ ಕೆಲಸ ನಾಲ್ಕನೇ ವಾರಕ್ಕೆ ಮುಗಿಯಿತು, ಅವರು ಮುಂದಿನ ಬ್ಯಾಚ್‌ಗೆ ಹೋದರು. ಮೆಂಟರ್ ನನ್ನನ್ನು ಐದನೇ ವಾರದಿಂದ ನೋಡಿದರು, ಅದಕ್ಕೆ ಮುಂಚೆ ನನಗೆ ಏನು ಕಲಿಸಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ. ಈ ಎರಡನ್ನೂ ನೋಡಿದವನು ನಾನೊಬ್ಬನೇ. ಆಗ ಪತ್ರದಲ್ಲಿ ಏನು ಇರಬೇಕು ಅಂತ ಸ್ಪಷ್ಟವಾಯಿತು. ನನಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಅನ್ನೋದು ಫಾರ್ಮ್‌ಗೆ ಸಾಕು. ಕ್ಲಾಸಿನಿಂದ ಸೀಟಿಗೆ ಬಂದಾಗ ಏನು ಕೈಕೊಟ್ಟಿತು ಅನ್ನೋದು ಪತ್ರಕ್ಕೆ.

ಮೆಂಟರ್‌ಗೆ ಸಮಯ ಇರಲಿಲ್ಲವಾ?

ಈ ವಾಕ್ಯವೇ ನನಗೆ ಹೆಚ್ಚು ಕಷ್ಟ ಕೊಟ್ಟಿದ್ದು. ಪತ್ರವನ್ನು ಓದುವವರೇ ಅವರು. ಆದರೆ ನಾಲ್ಕನೇ ತಿಂಗಳಲ್ಲಿ ನನ್ನ ಒಂದು ಪುಲ್ ರಿಕ್ವೆಸ್ಟ್ ಎಂಟು ಕೆಲಸದ ದಿನ ಹಾಗೇ ಬಿದ್ದಿತ್ತು. ದಿನಾ ಬೆಳಿಗ್ಗೆ ನೋಡುವುದು, ಏನೂ ಇಲ್ಲ. ಬೆಳಗಿನ ಮೀಟಿಂಗ್‌ನಲ್ಲಿ ‘ರಿವ್ಯೂಗೆ ಕಾಯ್ತಾ ಇದ್ದೀನಿ’ ಅಂತ ಎಂಟು ದಿನವೂ ಅದೇ ಹಾಡು. ಎಲ್ಲರ ಮುಂದೆ ಅದನ್ನು ಹೇಳುವಾಗ ಬರುವ ಸಂಕೋಚ ಅನುಭವಿಸಿದವರಿಗೇ ಗೊತ್ತು.

ಫೀಡ್‌ಬ್ಯಾಕ್ ಕೊಡುವುದಕ್ಕೆ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆಯವರು ಹೇಳುವ ಒಂದು ಸರಳ ಕ್ರಮ ಇದೆ. ಯಾವ ಸಂದರ್ಭ, ಅಲ್ಲಿ ಎದುರಿನವರು ಏನು ಮಾಡಿದರು, ಅದರಿಂದ ಏನಾಯಿತು, ಇಷ್ಟೇ ಹೇಳಬೇಕು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ಹೋಗಬಾರದು, ಯಾಕೆಂದರೆ ಅದು ನಮಗೆ ಕಾಣುವುದಿಲ್ಲ. ‘ಸಮಯ ಇರಲಿಲ್ಲ’ ಅನ್ನುವುದು ನಾನು ಕಂಡದ್ದಲ್ಲ, ಊಹೆ ಮಾಡಿದ್ದು. ಕಂಡದ್ದು ಎಂಟು ದಿನ.

ಅದನ್ನೇ ಬರೆಯೋಣ ಅಂತ ಹಳೆಯ ಪುಲ್ ರಿಕ್ವೆಸ್ಟ್‌ಗಳ ನೆನಪು ಮಾಡಿಕೊಂಡು, ನೋಟ್‌ಬುಕ್ ನೋಡಿ, ತೆರೆದ ದಿನ, ರಿವ್ಯೂ ಬಂದ ದಿನ, ಸುಮಾರು ಎಷ್ಟು ಸಾಲು ಅಂತ ಬರೆದುಕೊಂಡೆ. ಒಟ್ಟು ಹದಿನಾಲ್ಕು. ನೂರು ಸಾಲಿಗಿಂತ ಚಿಕ್ಕವು ಅದರಲ್ಲಿ ಒಂಬತ್ತು. ಹೆಸರು ಸೇರಿಸದೆ ಬಿಟ್ಟ ಮೊದಲನೆಯದೊಂದನ್ನು ಬಿಟ್ಟರೆ ಎಲ್ಲಕ್ಕೂ ಅದೇ ದಿನ ಇಲ್ಲವೇ ಮಾರನೇ ದಿನ ಉತ್ತರ ಬಂದಿತ್ತು. ಉಳಿದ ಐದು ದೊಡ್ಡವು, ದಿನಗಟ್ಟಲೆ ಕಾದದ್ದು ಅವೇ. ಎಂಟು ದಿನದ್ದು ಎಲ್ಲಕ್ಕಿಂತ ದೊಡ್ಡದು, ಸುಮಾರು 900 ಸಾಲು.

ಅದೇ ಮೆಂಟರ್. ಅವೇ ತಿಂಗಳುಗಳು. ಐವತ್ತು ಸಾಲನ್ನು ಎರಡು ಮೀಟಿಂಗ್‌ಗಳ ನಡುವೆ ಓದಿಬಿಡಬಹುದು. 900 ಸಾಲು ಓದಲು ಅರ್ಧ ದಿನ ಎತ್ತಿಡಬೇಕು, ಅದನ್ನು ಯಾರೂ ‘ನಾಳೆ ನೋಡೋಣ’ ಎಂದೇ ಮುಂದೂಡುತ್ತಾರೆ. ನಾನೇ ಆದರೂ ಮುಂದೂಡುತ್ತಿದ್ದೆ.

ಹಾಗಾದರೆ ನಾನು ಯಾಕೆ 900 ಸಾಲು ಒಟ್ಟಿಗೆ ಕಳಿಸಿದೆ? ಇದಕ್ಕೆ ಉತ್ತರ ಹುಡುಕುತ್ತಾ ಮತ್ತೆ ಟ್ರೈನಿಂಗ್‌ಗೇ ಹೋಗಿ ನಿಂತೆ. ಅಲ್ಲಿನ ಪ್ರಾಜೆಕ್ಟನ್ನು ನಾವು ಕೊನೆಯ ದಿನ ಒಂದೇ ಜಿಪ್ ಫೈಲ್ ಮಾಡಿ ಕೊಟ್ಟಿದ್ದೆವು, ಅದಕ್ಕೆ ಅಂಕ ಬಂತು. ಕಾಲೇಜಿನಲ್ಲೂ ಹಾಗೇ ತಾನೆ? ಎಲ್ಲಾ ಮುಗಿಸಿ, ಚೆನ್ನಾಗಿ ಒರೆಸಿ ಹೊಳಪು ಮಾಡಿ, ಆಮೇಲೆ ತೋರಿಸುವುದು. ಅರ್ಧ ಮುಗಿದದ್ದನ್ನು ತೋರಿಸುವುದು ಅಂದರೆ ಅರ್ಧ ಅಂಕ. ಗಿಟ್‌ನ ಕಮಾಂಡ್‌ಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಬೇರೆಯವರು ಓದಲಿಕ್ಕೆ ಅನುಕೂಲವಾಗುವಂತೆ ಕೆಲಸವನ್ನು ತುಂಡು ಮಾಡುವುದು ಮಾತ್ರ ಯಾರ ಪಾಠದಲ್ಲೂ ಇರಲಿಲ್ಲ. ಮೆಂಟರ್ ಕೂಡ ಹೇಳಲಿಲ್ಲ. ಅವರಿಗೆ ಅದು ಉಸಿರಾಡಿದಷ್ಟು ಸಹಜ, ಹೇಳಬೇಕು ಅಂತ ಹೊಳೆದಿರಲಿಕ್ಕಿಲ್ಲ. (ಇದು ನನ್ನ ಊಹೆ. ಪತ್ರದಲ್ಲಿ ಬರೆಯಲಿಲ್ಲ.)

ನಲವತ್ತು ನಿಮಿಷ

ಚೆನ್ನಾಗಿದ್ದುದನ್ನೂ ಬರೆಯಬೇಕಿತ್ತು. ‘ತುಂಬಾ ಕಲಿತೆ, ಎಲ್ಲರೂ ಸ್ನೇಹದಿಂದ ಇದ್ದರು’ ಅಂತ ಮೊದಲ ಪ್ಯಾರಾದಲ್ಲಿ ಸಕ್ಕರೆ ಹಾಕಿ ಆಮೇಲೆ ಕಹಿ ಕುಡಿಸುವ ಪದ್ಧತಿ ಇದೆಯಲ್ಲ, ಅದು ನನಗೆ ಇಷ್ಟವಿಲ್ಲ. ಓದುವವರು ಸಕ್ಕರೆಯನ್ನು ಹಾರಿಸಿ ‘ಆದರೆ’ ಎಲ್ಲಿದೆ ಅಂತ ಹುಡುಕುತ್ತಾರೆ. ನಿಜವಾಗಿ ಚೆನ್ನಾಗಿದ್ದ ಒಂದನ್ನು ಮಾತ್ರ, ಅದು ಯಾಕೆ ಕೆಲಸ ಮಾಡಿತು ಅಂತ ಹೇಳೋಣ ಎಂದುಕೊಂಡೆ.

ಎರಡನೇ ತಿಂಗಳ ಒಂದು ಮಧ್ಯಾಹ್ನ. ನನಗೆ ಒಂದು ಎರರ್ ಬಂದು ಬೆಳಗಿನಿಂದ ಒದ್ದಾಡುತ್ತಿದ್ದೆ. ಮೆಂಟರ್ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಕೀಬೋರ್ಡ್ ನನ್ನ ಕೈಯಲ್ಲೇ ಇರಲಿ ಎಂದರು. ತೆರೆಯ ಮೇಲೆ, ಎರರ್ ಯಾವ ಯಾವ ಸಾಲು ದಾಟಿ ಬಂತು ಅಂತ ತೋರಿಸುವ ಮೂವತ್ತು ಸಾಲಿನ ಸ್ಟ್ಯಾಕ್ ಟ್ರೇಸ್. ಅವರು ಗಟ್ಟಿಯಾಗಿ ಯೋಚಿಸಲು ಶುರುಮಾಡಿದರು. “ಮೇಲಿನ ಸಾಲು ಓದು, ಏನು ಕೆಟ್ಟಿದೆ ಅಂತ ಅದು ಹೇಳುತ್ತೆ. ಅದರ ಕೆಳಗಿನವು ಲೈಬ್ರರಿಯವು, ಬಿಡು. ಇಳೀತಾ ಹೋಗು. ನಮ್ಮ ಫೋಲ್ಡರ್ ಹೆಸರು ಮೊದಲು ಎಲ್ಲಿ ಬರುತ್ತೆ? ಅಲ್ಲಿ ನಿಲ್ಲು.” ಅಲ್ಲಿ ನಿಂತೆವು. “ಇದು ಖಾಲಿ ಬಂದಿರಬೇಕು. ಪ್ರಿಂಟ್ ಮಾಡಿ ನೋಡು.” ಖಾಲಿ ಇರಲಿಲ್ಲ. “ಹಂಗಾದ್ರೆ ನನ್ನ ಊಹೆ ತಪ್ಪು.” ಇನ್ನೊಂದು ಊಹೆ, ಅದೂ ತಪ್ಪು. ಮೂರನೆಯದೂ ತಪ್ಪು. “ನನಗೂ ಗೊತ್ತಾಗ್ತಿಲ್ಲ ಕಣೋ, ನಿನ್ನೆ ಓಡ್ತಿತ್ತಾ? ನಿನ್ನೆಯಿಂದ ಏನು ಬದಲಾಗಿದೆ ನೋಡೋಣ” ಎಂದು ಗಿಟ್‌ನಲ್ಲಿ ಹಿಂದಕ್ಕೆ ಹೋದರು. ಅಲ್ಲಿ ಸಿಕ್ಕಿತು.

ಒಟ್ಟು ನಲವತ್ತು ನಿಮಿಷ. ಹನ್ನೆರಡು ವರ್ಷ ಅನುಭವ ಇರುವವರು ಮೂರು ಸಲ ತಪ್ಪು ಊಹೆ ಮಾಡಿದ್ದನ್ನು ನೋಡಿದ್ದೇ ನನಗೆ ದೊಡ್ಡ ಪಾಠ. ಕ್ಲಾಸಿನಲ್ಲಿ ತೋರಿಸಿದ ಕೋಡ್ ಯಾವತ್ತೂ ಮೊದಲ ಸಲವೇ ಓಡುತ್ತಿತ್ತು. ನನ್ನದು ಓಡದಿದ್ದಾಗ ತಪ್ಪು ನನ್ನಲ್ಲಿದೆ, ನನಗೆ ಈ ಕೆಲಸ ಬರಲ್ಲ ಅಂತ ತೀರ್ಮಾನಿಸುತ್ತಿದ್ದೆ. ಊಹೆ ಮಾಡು, ಪರೀಕ್ಷಿಸು, ತಪ್ಪಾದರೆ ಬಿಡು, ಇದೇ ಕೆಲಸ ಅನ್ನೋದು ಆ ಮಧ್ಯಾಹ್ನ ತಿಳಿಯಿತು. ಅದು ಎರಡನೇ ತಿಂಗಳಲ್ಲಿ, ಅದೂ ಅವರ ಒಂದು ಮೀಟಿಂಗ್ ರದ್ದಾಗಿದ್ದರಿಂದ ಆದದ್ದು. ಮೊದಲ ವಾರವೇ, ಮೊದಲ ಟಿಕೆಟ್‌ನಲ್ಲೇ ಆಗಿದ್ದರೆ?

ಏನು ಬಿಟ್ಟೆ

ಎರಡು ವಿಷಯ ಪತ್ರದಿಂದ ಹೊರಗಿಟ್ಟೆ. ಒಂದು, ಬ್ಯಾಚ್‌ನ ಬೇರೆಯವರ ದೂರುಗಳು. ಅವರಿಗೂ ಹೇಳಲು ಬಹಳ ಇತ್ತು, ‘ಇದನ್ನೂ ಬರಿ’ ಎಂದು ಇಬ್ಬರು ಹೇಳಿದರು. ನಾನು ಕಾಣದ್ದನ್ನು ಬರೆದರೆ, ಯಾರಾದರೂ ಒಂದು ಪ್ರಶ್ನೆ ಕೇಳಿದರೂ ಉತ್ತರ ಇರುವುದಿಲ್ಲ. ಆಮೇಲೆ ನಾನು ಕಂಡದ್ದರ ಮೇಲೂ ನಂಬಿಕೆ ಹೋಗುತ್ತದೆ. ಇನ್ನೊಂದು, ಒಬ್ಬ ಹಿರಿಯರು ಮೀಟಿಂಗ್‌ನಲ್ಲಿ ನನ್ನ ಬಗ್ಗೆ ಆಡಿದ ಒಂದು ಮಾತು. ಅದನ್ನು ಹೇಳಬೇಕಿದ್ದರೆ ಅವರಿಗೇ ಹೇಳಬೇಕು, ನಾಲ್ಕು ಜನ ಓದುವ ಪತ್ರದಲ್ಲಲ್ಲ. ಕಿರುಕುಳ, ದುಡ್ಡು ಕೊಡದಿರುವುದು, ಇಂಥದ್ದಾಗಿದ್ದರೆ ಮಾತೇ ಬೇರೆ. ಅದು ಫೀಡ್‌ಬ್ಯಾಕ್ ಅಲ್ಲ, ದೂರು. ಅದಕ್ಕೆ ಇರುವ ಸಮಿತಿಗೋ ಅಧಿಕಾರಿಗೋ, ದಿನಾಂಕ ಹಾಕಿ, ದೂರು ಎಂದೇ ಬರೆದು ಕೊಡಬೇಕು. ಸಲಹೆಗಳ ನಡುವೆ ಅದನ್ನು ಸೇರಿಸಿದರೆ ಅದೂ ಒಂದು ಸಲಹೆಯಾಗಿ ಕಳೆದುಹೋಗುತ್ತದೆ.

ಉಳಿದದ್ದು ಒಂದೂವರೆ ಪುಟ. ಅದರ ನಡುಭಾಗ ಹೀಗಿತ್ತು:

“ನನ್ನ ಮೊದಲ ಟಿಕೆಟ್‌ಗೆ ಒಂಬತ್ತು ದಿನ ಹಿಡಿಯಿತು. ಮೂರು ದಿನ ಸೆಟಪ್, ಎರಡು ದಿನ ಆಕ್ಸೆಸ್‌ಗೆ ಕಾದದ್ದು, ಎರಡು ದಿನ ಹುಡುಕಿ ಸರಿ ಮಾಡಿದ್ದು, ಎರಡು ದಿನ ರಿವ್ಯೂಗೆ ಕಾದದ್ದು. ಕೊನೆಯ ಎರಡು ದಿನಕ್ಕೆ ಕಾರಣ ನಾನು ರಿವ್ಯೂವರ್ ಹೆಸರು ಸೇರಿಸದೆ ಇದ್ದದ್ದು. ಸೆಟಪ್‌ನ ಮೂರು ದಿನದಲ್ಲಿ ಎರಡನ್ನು, ಪಕ್ಕದವರನ್ನು ಕೇಳಿದ್ದರೆ ಉಳಿಸಬಹುದಿತ್ತು. ನನ್ನ ಕೋರಿಕೆ ಮೂರು. ಟ್ರೈನಿಂಗ್‌ನ ಕೊನೆಯ ವಾರದಲ್ಲಿ ಹೊಸ ಪ್ರಾಜೆಕ್ಟ್ ಬದಲು, ಈಗಾಗಲೇ ಇರುವ ಒಂದು ಪ್ರಾಜೆಕ್ಟ್ ಕೊಟ್ಟು ಅದರಲ್ಲಿ ಬೇಕೆಂದೇ ಇಟ್ಟ ಒಂದು ತಪ್ಪನ್ನು ಹುಡುಕಿಸಿ, ಚಿಕ್ಕ ಚಿಕ್ಕ ಪುಲ್ ರಿಕ್ವೆಸ್ಟ್‌ಗಳಾಗಿ ಕೊಡಲು ಹೇಳಿ. ಟೆಸ್ಟ್ ಡೇಟಾಬೇಸ್‌ನ ಆಕ್ಸೆಸ್ ಇಂಟರ್ನ್ ಟೀಮಿಗೆ ಬರುವ ಮುಂಚೆಯೇ ಸಿದ್ಧವಿರಲಿ. ಸೆಟಪ್ ಡಾಕ್ಯುಮೆಂಟ್ ತಿದ್ದುವ ಜವಾಬ್ದಾರಿ ಯಾವಾಗಲೂ ಟೀಮಿನ ಅತಿ ಹೊಸಬರದ್ದಾಗಿರಲಿ, ಅದೇ ಅವರ ಮೊದಲ ಪುಲ್ ರಿಕ್ವೆಸ್ಟ್ ಆಗಲಿ.”

ಕೊನೆಯಲ್ಲಿ ಹೆಚ್‌ಆರ್‌ಗೆ ಒಂದು ಸಾಲು: ಫಾರ್ಮನ್ನು ಸರ್ಟಿಫಿಕೇಟ್ ಕೊಟ್ಟ ಮೇಲೆ ಕಳಿಸಿ. ಆಗ ಎಲ್ಲದಕ್ಕೂ ನಾಲ್ಕು ಬರುವುದಿಲ್ಲ.

ಉತ್ತರ

ಹತ್ತು ದಿನ ಏನೂ ಬರಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಮೇಲೆ ಮೆಂಟರ್‌ನಿಂದ ಉದ್ದದ ಮೇಲ್ ಬಂತು. ಡಾಕ್ಯುಮೆಂಟ್ ವಿಷಯ ಒಪ್ಪಿದ್ದಾರೆ. ಮೊದಲ ಟಿಕೆಟನ್ನು ಇನ್ನು ಮುಂದೆ ಜೊತೆಯಲ್ಲಿ ಕೂತು ಮಾಡುತ್ತೇವೆ ಎಂದರು. ಅದನ್ನು ನಾನು ಕೋರಿಕೆಯಾಗಿ ಬರೆದೇ ಇರಲಿಲ್ಲ, ನಲವತ್ತು ನಿಮಿಷದ ಕಥೆ ಓದಿ ಅವರೇ ತೆಗೆದುಕೊಂಡದ್ದು. ಟ್ರೈನಿಂಗ್‌ನ ಕೊನೆಯ ವಾರ ತಮ್ಮ ಕೈಯಲ್ಲಿ ಇಲ್ಲ, ಹಲವು ಟೀಮ್‌ಗಳಿಗೆ ಒಂದೇ ಕ್ಲಾಸ್, ಪತ್ರವನ್ನು ಅದನ್ನು ನಡೆಸುವವರಿಗೆ ಕಳಿಸಿದ್ದೇನೆ ಎಂದರು.

ಆಕ್ಸೆಸ್ ವಿಷಯ ಮಾತ್ರ ಆಗಲ್ಲ ಎಂದರು. ನಮ್ಮ ಟೆಸ್ಟ್ ಡೇಟಾಬೇಸ್‌ನಲ್ಲಿ ಇರುವುದು ನಿಜವಾದ ಗ್ರಾಹಕರ ಮಾಹಿತಿಯ ನಕಲು. ಹಾಗಾಗಿ ಯಾರಿಗೆ ಕೊಡುವುದಿದ್ದರೂ, ಅವರು ಟೀಮಿಗೆ ಬಂದು ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ ಮೇಲೆ ಇಬ್ಬರು ಒಪ್ಪಿಗೆ ಕೊಡಬೇಕು. ನಾನು ಐದು ತಿಂಗಳು ಆ ಡೇಟಾಬೇಸ್ ಬಳಸಿದ್ದೆ. ಅದರಲ್ಲಿರುವ ಹೆಸರುಗಳು ನಿಜವಾದ ಜನರದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಸೋಮಾರಿತನ ಎಂದುಕೊಂಡದ್ದು ಎಚ್ಚರಿಕೆಯಾಗಿತ್ತು. ‘ಆದರೆ ಅದು ನಿನಗೆ ಗೊತ್ತಿರಲಿಲ್ಲ ಅನ್ನೋದೇ ನಮ್ಮ ತಪ್ಪು’ ಎಂದು ಅವರೇ ಸೇರಿಸಿದ್ದರು. ಹೊಸಬರಿಗೆ ಅಂತ ಸುಳ್ಳು ಹೆಸರುಗಳಿರುವ ಒಂದು ಚಿಕ್ಕ ಡೇಟಾಬೇಸ್ ಮಾಡಿಕೊಡುತ್ತಾರಂತೆ.

ಕೆಲವು ತಿಂಗಳ ನಂತರ ಮೆಂಟರ್ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಹೊಸ ಬ್ಯಾಚ್‌ನ ಇಂಟರ್ನ್ ಒಬ್ಬಳು ಟೀಮಿಗೆ ಬಂದ ಎರಡನೇ ದಿನ ತೆರೆದ ಪುಲ್ ರಿಕ್ವೆಸ್ಟ್. ಸೆಟಪ್ ಡಾಕ್ಯುಮೆಂಟ್‌ನಲ್ಲಿ ಒಂದು ತಪ್ಪು ಸಾಲನ್ನು ಕೆಂಪು ಮಾಡಿ ತೆಗೆದು, ಕೆಳಗೆ ಹಸಿರಿನಲ್ಲಿ ಸರಿಯಾದದ್ದು ಹಾಕಿದ್ದಳು. ಆ ಕೆಂಪು ಸಾಲನ್ನು ಓದಿದೆ. ನಾನು ಹೊರಡುವ ಹಿಂದಿನ ದಿನ, ಕೊನೆಗೂ ಡಾಕ್ಯುಮೆಂಟ್ ತಿದ್ದಿದೆನಲ್ಲ ಎಂಬ ಖುಷಿಯಲ್ಲಿ, ಓಡಿಸಿ ನೋಡದೆ ಸೇರಿಸಿದ್ದ ಸಾಲು ಅದು.